೧೦೪.೫ರಲ್ಲಿ ಇಲ್ಲದ ಸ್ಟೇಷನ್ ಹೇಗೆ ಬಂತು?

ಬೆಂಗಳೂರಿನ ನಮ್ಮ ಮನೆ ಟೆರೇಸಿನಲ್ಲಿ ಆಂಟೆನಾ ಇಟ್ಟು, ಒಂದು ಅಗ್ಗದ ಆಂಪ್ಲಿಫೈಯರ್ ಹಾಕಿ, ವಿಮಾನಗಳ ಮಾತು ಕೇಳಿಸುತ್ತದೆಯೇ ನೋಡುತ್ತಿದ್ದೆ. ಆಂಪ್ಲಿಫೈಯರ್ ಹಾಕಿದ ಮೇಲೆ ಮಾತು ಇನ್ನೂ ಮಂಕಾಯಿತು! ಜೊತೆಗೆ 104.5 MHzನಲ್ಲಿ ಎರಡು ಸ್ಟೇಷನ್‌ಗಳ ಹಾಡು ಕಲಸಿಕೊಂಡು, ಒಡಕು ದನಿಯಲ್ಲಿ ಬರುತ್ತಿತ್ತು.

ಲೆಕ್ಕ ಹಾಕಿದೆ. ಎರಡು ಜೋರು ಸಿಗ್ನಲ್‌ಗಳು ಆಂಪ್ಲಿಫೈಯರ್‌ನಲ್ಲಿ ಕಲೆತರೆ, ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದ ಜಾಗದಲ್ಲಿ ಹೊಸ ಸಿಗ್ನಲ್ ಹುಟ್ಟಬಹುದು. ಆಕಾಶವಾಣಿಯ 101.3, 102.9 ಎರಡೂ ಇಲ್ಲಿ ಜೋರು. 2 × 102.9 − 101.3 = 104.5. ಅಂದರೆ ಅದು ಗಾಳಿಯಲ್ಲಿ ಇರಲೇ ಇಲ್ಲ, ನನ್ನ ಆಂಪ್ಲಿಫೈಯರ್‌ನೊಳಗೇ ಹುಟ್ಟಿತ್ತು.

ಖಾತ್ರಿಗೆ ಆಂಪ್ಲಿಫೈಯರ್ ಮುಂದೆ, ಸಿಗ್ನಲ್ ತಗ್ಗಿಸುವ 10 dB ಅಟೆನ್ಯುಯೇಟರ್ ಸಿಕ್ಕಿಸಿದೆ. ನಿಜವಾದ ಸ್ಟೇಷನ್ 10 dB ಇಳಿಯಿತು, ಭೂತ ಸ್ಟೇಷನ್ ಸುಮಾರು 30 ಇಳಿಯಿತು. ಇಂಥ ಭೂತವನ್ನು ಮೂರನೇ ಆರ್ಡರ್ ಅನ್ನುವುದು ಇದಕ್ಕೇ: ಮೂಲ ಸಿಗ್ನಲ್ 1 dB ಏರಿದರೆ ಇದು 3 ಏರುತ್ತದೆ. ಈ ಎರಡರ ಏರಿಕೆಯನ್ನು ಗ್ರಾಫ್‌ನಲ್ಲಿ ಗೆರೆಗಳಾಗಿ ಬರೆದು ಮುಂದಕ್ಕೆ ಎಳೆದರೆ ಸೇರುವ ಜಾಗವೇ ಇಂಟರ್‌ಸೆಪ್ಟ್ ಪಾಯಿಂಟ್. ಆಂಪ್ಲಿಫೈಯರ್ ಅಲ್ಲಿಗೆ ಮುಟ್ಟುವುದಿಲ್ಲ, ಮೊದಲೇ ಸುಸ್ತಾಗುತ್ತದೆ. ಇನ್‌ಪುಟ್ ಲೆಕ್ಕದಲ್ಲಿ ಈ ಇಂಟರ್‌ಸೆಪ್ಟ್ ಪಾಯಿಂಟ್ −5 dBm ಇದ್ದು, ಸ್ಟೇಷನ್‌ಗಳು −20 ಇದ್ದರೆ ಭೂತ −50. ಸಣ್ಣದೇನಲ್ಲ, ಅಲ್ವಾ?

ವಿಮಾನಗಳ ಮಾತು ಮಂಕಾದದ್ದಕ್ಕೂ ಅದೇ ಜೋರು ಸಿಗ್ನಲ್‌ಗಳೇ ಕಾರಣ. ಅವು ಆಂಪ್ಲಿಫೈಯರನ್ನು ತುಂಬಿಬಿಟ್ಟರೆ, ಸಣ್ಣ ಸಿಗ್ನಲ್‌ಗೆ ಸಿಗುವ ಗೇನ್ ಕುಗ್ಗುತ್ತದೆ.

ಎಫ್‌ಎಂ ತಡೆಯುವ ಫಿಲ್ಟರ್ ತಂದು ಮೊದಲು ಆಂಪ್ಲಿಫೈಯರ್ ನಂತರ ಹಾಕಿದೆ. ಸುಮ್ನೆ ಹೋಯ್ತು, ಕೆಡುವುದು ಅದಕ್ಕೂ ಮುಂಚೆಯೇ ಕೆಟ್ಟಿತ್ತು. ಆಂಟೆನಾ ಕಡೆಗೆ ತಂದ ಮೇಲೆ 104.5 ಖಾಲಿ, ಪೈಲಟ್‌ಗಳ ಮಾತು ಸ್ಪಷ್ಟ. ಜೋರು ಸಿಗ್ನಲ್ ವಿಮಾನದ ಬ್ಯಾಂಡ್‌ನಲ್ಲೇ ಇದ್ದರೆ ಮಾತ್ರ ಈ ಫಿಲ್ಟರ್ ಏನೂ ಮಾಡದು, ಆಗ ಗೇನ್ ಇಳಿಸಬೇಕು.