ತೋಟದ ನಕ್ಷೆಗೆ ಹೂಂ ಅನ್ನುವ ಮೊದಲು ಕುರ್ಚಿಯಲ್ಲಿ ಕೂತು ನೋಡಿ

ನಮ್ಮ ಸಂಬಂಧಿಕರೊಬ್ಬರು ಹೊಸ ತೋಟಕ್ಕೆ ನಕ್ಷೆ ಮಾಡಿಸಿದ್ದರು. ಜಗುಲಿಯಲ್ಲಿ ಕೂತರೆ ಎದುರಿಗೆ ತಾವರೆ ತೊಟ್ಟಿ ಕಾಣಬೇಕು, ಅವರ ಆಸೆ ಇಷ್ಟೇ. ನಕ್ಷೆಯಲ್ಲಿ ತೊಟ್ಟಿ ಜಗುಲಿಯ ಎದುರಿಗೇ ಇತ್ತು, ಒಪ್ಪಿಬಿಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ ಮಧ್ಯದ ಪಾತಿಯ ದಾಸವಾಳ ಆಳೆತ್ತರ ಬೆಳೆದು ತೊಟ್ಟಿಯನ್ನು ಪೂರ್ತಿ ಮುಚ್ಚಿತು. ತಾವರೆ ಅರಳಿದೆಯಾ ಅಂತ ನೋಡಬೇಕಾದರೆ ಎದ್ದು ಹೋಗಬೇಕಾಯಿತು. ಇದೇ ತಪ್ಪನ್ನು ಬೇರೆ ಕಡೆಗಳಲ್ಲೂ ನೋಡಿದ್ದೇನೆ. ನಕ್ಷೆ ಅಂದರೆ ಮೇಲಿನಿಂದ ಕಂಡ ತೋಟ. ನಾವು ನೋಡುವುದು ಪಕ್ಕದಿಂದ, ಅದೂ ಹೆಚ್ಚಾಗಿ ಕೂತುಕೊಂಡು.

ಹಂತ 1: ಸ್ಕೇಲು ನಿಜವೇ ನೋಡಿ

1:100 ಅಂತ ಬರೆದಿದ್ದರೆ ಕಾಗದದ 1 ಸೆಂ.ಮೀ. ಅಂದರೆ ನೆಲದ 1 ಮೀಟರ್. ನಿಮಗೆ ಅಳತೆ ಗೊತ್ತಿರುವ ಒಂದು ವಸ್ತು ಹುಡುಕಿ. 3 ಮೀಟರ್ ಗೇಟು ಕಾಗದದಲ್ಲಿ 3 ಸೆಂ.ಮೀ. ಇರಬೇಕು. ಇಲ್ಲದಿದ್ದರೆ ಪ್ರಿಂಟ್ ತೆಗೆಯುವಾಗ ಹಾಳೆಗೆ ಹೊಂದುವಂತೆ ಕುಗ್ಗಿಸಿದ್ದಾರೆ ಅಂತ ಅರ್ಥ, ಇನ್ನೊಂದು ಪ್ರತಿ ಕೇಳಿ. ಮೊಬೈಲಿಗೆ ಬಂದ ಫೋಟೊ ನೋಡಿ ಅಳತೆ ನಿರ್ಧರಿಸಬೇಡಿ.

ಹಂತ 2: ವೃತ್ತ ಯಾವ ವಯಸ್ಸಿನದು ಅಂತ ಕೇಳಿ

ನಕ್ಷೆಯ ಪ್ರತಿ ವೃತ್ತವೂ ಒಂದು ಗಿಡ. ವೃತ್ತದ ಅಗಲ ಗಿಡದ ಹರವು ಮಾತ್ರ, ಎತ್ತರದ ಬಗ್ಗೆ ಅದು ಏನೂ ಹೇಳುವುದಿಲ್ಲ. ಅದು ನೆಟ್ಟ ದಿನದ ಹರವಾ, ಬೆಳೆದ ಮೇಲಿನದಾ ಅಂತಲೂ ಕೇಳಬೇಕು. ಕೆಲವರು ಕಂಪ್ಯೂಟರಿನಲ್ಲಿ ಸಿದ್ಧವಿರುವ ಒಂದೇ ಚಿತ್ರವನ್ನು ಎಲ್ಲ ಗಿಡಕ್ಕೂ ಅಂಟಿಸಿರುತ್ತಾರೆ. ಹಾಗಾಗಿ ಪ್ರತಿ ವೃತ್ತದ ಒಳಗೆ, ಗಿಡ ಪೂರ್ತಿ ಬೆಳೆದಾಗಿನ ಎತ್ತರವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಬಣ್ಣಬಣ್ಣದ 3ಡಿ ಚಿತ್ರ ತೋರಿಸಿದರೆ ಅದನ್ನು ಪಕ್ಕಕ್ಕಿಡಿ. ಅದರಲ್ಲಿ ಎಲ್ಲ ಗಿಡವೂ ಒಂದೇ ದಿನ ಹೂ ಬಿಟ್ಟಿರುತ್ತದೆ, ಯಾವುದೂ ಅಳತೆ ಮೀರಿ ಬೆಳೆದಿರುವುದಿಲ್ಲ.

ಹಂತ 3: ನೋಟದ ಗೆರೆ ಎಳೆಯಿರಿ

ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ನೀವು ಜಾಸ್ತಿ ಹೊತ್ತು ಕೂರುವ ಜಾಗ ಯಾವುದು, ಅಲ್ಲಿಂದ ಏನು ಕಾಣಬೇಕು, ಎರಡನ್ನೂ ಗುರುತು ಮಾಡಿ ನಡುವೆ ಒಂದು ಗೆರೆ ಎಳೆಯಿರಿ. ಆ ಗೆರೆ ಯಾವ ಯಾವ ವೃತ್ತವನ್ನು ದಾಟುತ್ತದೆ ನೋಡಿ. ಅಷ್ಟು ಗಿಡಗಳನ್ನು ಮಾತ್ರ ಪರೀಕ್ಷೆ ಮಾಡಿದರೆ ಸಾಕು.

ಈಗ ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಅದೇ ಗೆರೆಯನ್ನು ಪಕ್ಕದಿಂದ ನೋಡಿದ ಹಾಗೆ ಬರೆಯಿರಿ. 1 ಮೀಟರಿಗೆ 2 ಸೆಂ.ಮೀ. ಇಟ್ಟುಕೊಳ್ಳಿ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 115 ಸೆಂ.ಮೀ. ಎತ್ತರದಲ್ಲಿ ಇರುತ್ತದೆ. ನಮ್ಮವರ ಜಗುಲಿ ತೋಟಕ್ಕಿಂತ 30 ಸೆಂ.ಮೀ. ಮೇಲಿದೆ, ಅಲ್ಲಿಗೆ 145 ಆಯಿತು. ತೊಟ್ಟಿ 9 ಮೀಟರ್ ದೂರದಲ್ಲಿದೆ, ಅದರ ಅಂಚಿನ ಎತ್ತರ 60 ಸೆಂ.ಮೀ. ಕಣ್ಣಿನಿಂದ ಅಂಚಿಗೆ ಗೆರೆ ಎಳೆದರೆ 9 ಮೀಟರಿನಲ್ಲಿ ಅದು 85 ಸೆಂ.ಮೀ. ಇಳಿಯುತ್ತದೆ. ದಾಸವಾಳದ ಪಾತಿ ಇದ್ದದ್ದು 3 ಮೀಟರ್ ದೂರದಲ್ಲಿ. ಅಲ್ಲಿ ಗೆರೆಯ ಎತ್ತರ ಸುಮಾರು 117 ಸೆಂ.ಮೀ. ಅದಕ್ಕಿಂತ ಎತ್ತರದ ಗಿಡ ಅಲ್ಲಿ ಬಂದರೆ ತೊಟ್ಟಿ ಕಾಣುವುದಿಲ್ಲ. ದಾಸವಾಳ ಸುಲಭವಾಗಿ 2 ಮೀಟರ್ ಬೆಳೆಯುತ್ತದೆ.

ಇನ್ನೊಂದು ವಿಷಯ ಗಮನಿಸಿ. ಅದೇ ಗೆರೆ 6 ಮೀಟರ್ ದೂರದಲ್ಲಿ 88 ಸೆಂ.ಮೀ.ಗೆ ಇಳಿದಿರುತ್ತದೆ. ಗಿಡ್ಡ ಗಿಡ ಮುಂದೆ, ಎತ್ತರದ್ದು ಹಿಂದೆ ಅಂತ ಎಲ್ಲರೂ ಹೇಳುತ್ತಾರಲ್ವಾ? ನೋಡಬೇಕಾದ ವಸ್ತು ಕಣ್ಣಿಗಿಂತ ಕೆಳಗಿದ್ದರೆ ಆ ಮಾತು ಕೈಕೊಡುತ್ತದೆ. ತೊಟ್ಟಿಗೆ ಹತ್ತಿರ ಹೋದಷ್ಟೂ ಗಿಡ ಇನ್ನೂ ಗಿಡ್ಡ ಇರಬೇಕು. ಎತ್ತರದ ಗಿಡ ತೊಟ್ಟಿಯ ಆಚೆಗೆ ಹೋಗಲಿ. ಪಾತಿಗೆ ಮಣ್ಣು ಏರಿಸಿದ್ದರೆ ಆ ಎತ್ತರವನ್ನೂ ಗಿಡಕ್ಕೆ ಕೂಡಿಸಬೇಕು, ಇದನ್ನು ಮರೆಯುವವರೇ ಜಾಸ್ತಿ.

'ಎತ್ತರ ಆದರೆ ಕತ್ತರಿಸಿದರಾಯ್ತು' ಅನ್ನುತ್ತಾರೆ. ದಾಸವಾಳಕ್ಕೆ ಈ ಉಪಾಯ ಬೇಡ. ಅದು ಹೂ ಬಿಡುವುದು ಹೊಸ ಚಿಗುರಿನಲ್ಲಿ. ಎತ್ತರ ತಡೆಯಲು ಪದೇ ಪದೇ ತುದಿ ಕತ್ತರಿಸಿದರೆ ಮೊಗ್ಗೂ ಅದರ ಜೊತೆಗೇ ಹೋಗುತ್ತದೆ. ಬದಲಿಗೆ ಗಿಡ್ಡ ತಳಿಯ ಕೇಪಳ ಹಾಕಿ.

ಹಂತ 4: ದಾರಿಯ ಅಗಲ

ಅಳೆಯಬೇಕಾದ್ದು ಕಲ್ಲಿನ ಅಗಲ ಅಲ್ಲ, ಗಿಡ ಬೆಳೆದ ಮೇಲೆ ಉಳಿಯುವ ಅಗಲ. 90 ಸೆಂ.ಮೀ. ದಾರಿ, ಎರಡೂ ಕಡೆ 1 ಮೀಟರ್ ಹರಡುವ ಗಿಡ, ಬುಡ ದಾರಿಯ ಅಂಚಿನಿಂದ 30 ಸೆಂ.ಮೀ. ಪಾತಿಯ ಒಳಗೆ ಅಂತ ಇಟ್ಟುಕೊಳ್ಳಿ. ಪ್ರತಿ ಕಡೆಯಿಂದ 20 ಸೆಂ.ಮೀ. ಒಳನುಗ್ಗುತ್ತದೆ, ಉಳಿಯುವುದು 50. ಮಳೆ ಬಂದ ಮೇಲೆ ಆ ದಾರಿಯಲ್ಲಿ ನಡೆದರೆ ಬಟ್ಟೆ ಒದ್ದೆ. ಗಿಡದ ಬುಡವನ್ನು ಅಂಚಿನಿಂದ ಹರವಿನ ಅರ್ಧದಷ್ಟು ದೂರ ಸರಿಸಿ. ಇಬ್ಬರು ಜೊತೆಗೆ ನಡೆಯುವ ದಾರಿಗೆ 120 ಸೆಂ.ಮೀ.ಗಿಂತ ಕಡಿಮೆ ನಾನು ಒಪ್ಪುವುದೇ ಇಲ್ಲ. ಹಾಗೇ ಬಾಗಿಲಿನಿಂದ ನಲ್ಲಿಗೆ ಬೆರಳಿಟ್ಟು ನೇರ ಹೋಗಿ ನೋಡಿ, ದಾರಿ ಸುಮ್ನೆ ಸುತ್ತಿ ಬಳಸಿ ಹೋಗುತ್ತಿದ್ದರೆ ಜನ ಪಾತಿ ತುಳಿದೇ ಹೋಗುತ್ತಾರೆ.

ಹಂತ 5: ಹೂವಿನ ಪಟ್ಟಿ

ತಿಂಗಳಿಗೊಂದರಂತೆ ಹನ್ನೆರಡು ಚೌಕದ ಒಂದು ಪಟ್ಟಿ ಬರೆದು, ನೀವು ಎಳೆದ ನೋಟದ ಗೆರೆಯ ಎರಡೂ ಬದಿಯ ಗಿಡಗಳು ಯಾವ ತಿಂಗಳು ಹೂ ಬಿಡುತ್ತವೆ ಅಂತ ಬಣ್ಣ ತುಂಬಿ. ಇಡೀ ತೋಟದ ಪಟ್ಟಿ ಮಾಡಬೇಡಿ. ಅದರಲ್ಲಿ ಎಲ್ಲ ತಿಂಗಳೂ ತುಂಬಿದ ಹಾಗೆ ಕಾಣುತ್ತದೆ, ಆದರೆ ಆ ಹೂವೆಲ್ಲ ಮನೆಯ ಹಿಂದೆ ಇರಬಹುದು. ಹೊತ್ತನ್ನೂ ಬರೆಯಿರಿ. ಪಾರಿಜಾತ ರಾತ್ರಿ ಅರಳಿ ಬೆಳಗಾಗುವಾಗ ಉದುರುತ್ತದೆ, ಸಂಜೆ ಮಾತ್ರ ಕೂರುವವರಿಗೆ ಸಂಜೆಮಲ್ಲಿಗೆಯೇ ಸರಿ. ದೀಪದ ಗುರುತುಗಳನ್ನೂ ನೋಡಿ. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲೆ ಬೇಕು. ನಮ್ಮವರ ನಕ್ಷೆಯಲ್ಲಿ ಆ ಪಾತಿಯ ಪಕ್ಕದಲ್ಲೇ ರಾತ್ರಿಯಿಡೀ ಉರಿಯುವ ದೀಪ ಇತ್ತು. ದೀಪದ ಬುಡದ ಗಿಡಗಳಲ್ಲಿ ಬರೀ ಎಲೆ, ದೂರದವುಗಳಲ್ಲಿ ಹೂ.

ಹಂತ 6: ಕೋಲು ನೆಡಿ

ಕೊನೆಗೆ ನಕ್ಷೆ ಹಿಡಿದು ಜಾಗಕ್ಕೇ ಹೋಗಿ. ಗೆರೆ ದಾಟುವ ಗಿಡಗಳ ಜಾಗದಲ್ಲಿ ಅಷ್ಟೇ ಎತ್ತರದ ಬಿದಿರು ಕೋಲು ನೆಟ್ಟು, ತುದಿಗೆ ಬಟ್ಟೆ ಕಟ್ಟಿ, ನಡುವೆ ಹಳೆಯ ಸೀರೆ ಇಳಿಬಿಡಿ. ಕೋಲೊಂದೇ ಸಾಲದು, ಗಿಡಕ್ಕೆ ಅಗಲವೂ ಇದೆ. ಆಮೇಲೆ ಕುರ್ಚಿಯಲ್ಲಿ ಕೂತು ನೋಡಿ, ನಿಂತು ಅಲ್ಲ.

ನಮ್ಮವರು ಆ ದಾಸವಾಳದ ಕಡ್ಡಿಗಳನ್ನು ತೊಟ್ಟಿಯ ಹಿಂದಿನ ಗೋಡೆ ಪಕ್ಕ ನೆಟ್ಟರು, ಅವು ಚಿಗುರಿದ ಮೇಲೆ ಹಳೆಯ ಗಿಡ ತೆಗೆಸಿ ಅಲ್ಲಿ ಗಿಡ್ಡ ಕೇಪಳ ಹಾಕಿದರು. ಈಗ ಜಗುಲಿಯಿಂದಲೇ ತೊಟ್ಟಿಯ ಅಂಚು ಕಾಣುತ್ತದೆ, ಅದರ ಹಿಂದೆ ದಾಸವಾಳದ ಕೆಂಪು.