ಎಲ್ಲಕ್ಕೂ ಒಂದೇ ±10% ಹಾಕಬೇಡಿ

ಲಾಭದ ಲೆಕ್ಕದಲ್ಲಿ ಒಂದೊಂದೇ ಅಂಕಿ ಬದಲಿಸಿ, ಲಾಭ ಎಷ್ಟು ಅಲ್ಲಾಡುತ್ತದೆ ಅಂತ ನೋಡುತ್ತೇವಲ್ಲ, ಅದರ ಮಾತಿದು. ಕಾಫಿಪುಡಿ ಅಂಗಡಿಯ ಮಾಡೆಲ್ ಅಂದುಕೊಳ್ಳಿ. ತಿಂಗಳಿಗೆ 1,000 ಕೆಜಿ ಮಾರಾಟ, ಕೆಜಿಗೆ ದರ ₹650, ಬೀಜದ ಖರ್ಚು ₹480, ಬಾಡಿಗೆ-ಸಂಬಳ ₹1,20,000. ಲಾಭ ₹50,000. ಮಾರಾಟ 10% ಇಳಿದರೆ ₹33,000 ಉಳಿಯುತ್ತದೆ. ಬೀಜ 10% ಏರಿದರೆ ಬರೀ ₹2,000! ಹಾಗಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಬೀಜದ ದರಕ್ಕೆ. ಬಾಡಿಗೆ ಕರಾರಿನಲ್ಲಿದೆ, ಅದನ್ನು ಅಲ್ಲಾಡಿಸಿ ನೋಡುವುದು ದಂಡ.

ಆದರೆ ಬೀಜ ಏರಿದಾಗ ಅಂಗಡಿಯವರು ಸುಮ್ಮನಿರುತ್ತಾರಾ? ಪುಡಿಯ ದರ ಏರಿಸುತ್ತಾರೆ, ಗಿರಾಕಿ ಕಡಿಮೆಯಾಗುತ್ತಾರೆ. ಸಿನಾರಿಯೋದಲ್ಲಿ ಮೂರನ್ನೂ ಒಟ್ಟಿಗೇ ಬದಲಿಸಿ: ಬೀಜ 20% ಏರಿ ₹576, ದರ ₹740, ಮಾರಾಟ 750 ಕೆಜಿ. ಲಾಭ ₹3,000. ಈ 750 ಬರೀ ಊಹೆ ತಾನೇ? ಅದಕ್ಕೇ ಲೆಕ್ಕ ತಿರುಗಿಸಿ: ಕೆಜಿಗೆ ಉಳಿಯುವುದು 740 − 576 = ₹164; 1,20,000 ÷ 164, ಅಂದರೆ ಸುಮಾರು 732 ಕೆಜಿ. ಅದಕ್ಕಿಂತ ಇಳಿದರೆ ನಷ್ಟ. ಹಳೇ ಗಿರಾಕಿಗಳು ಅಷ್ಟು ಕೊಳ್ಳುತ್ತಾರಾ ಅಂತ ಅಂಗಡಿಯವರನ್ನೇ ಕೇಳಿ.