ಸೈಟ್ ಇದ್ದೂ 6/6 ಓದಿದ ಹುಡುಗ

"ಸರ್, ನನ್ನ ಪವರ್ ಸಿಕ್ಸ್ ಬೈ ಸಿಕ್ಸ್ ಉಂಟು. ಒಮ್ಮೆ ನೋಡಿ ಬರೆದು ಕೊಟ್ಟರೆ ಸಾಕು."

ಮಲ್ಪೆ ಕಡೆಯ ಹುಡುಗ, ಇಪ್ಪತ್ತೊಂದು ವರ್ಷ. ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಪರೀಕ್ಷೆ ಬರೆದಿದ್ದ. ಮುಂದೆ ಮೆಡಿಕಲ್‌ನಲ್ಲಿ ಕಣ್ಣು ನೋಡುತ್ತಾರೆ, ಅದಕ್ಕೆ ಮೊದಲೇ ಒಮ್ಮೆ ತೋರಿಸಿಕೊಳ್ಳುವ ಎಂದು ಉಡುಪಿಯ ನಮ್ಮ ಕ್ಲಿನಿಕ್ಕಿಗೆ ಬಂದಿದ್ದ. ಜೊತೆಗೆ ಅಪ್ಪ, ಅಕ್ಕ. ಅಕ್ಕನ ಕನ್ನಡಕ ದಪ್ಪ. ಅಪ್ಪ ಅವಳತ್ತ ತೋರಿಸಿ, "ಇವಳದ್ದು ಕಣ್ಣು ಹಾಳು ಮಾರಾಯ್ರೇ, ಇವನದ್ದು ಫಸ್ಟ್ ಕ್ಲಾಸ್. ಇವನಿಗೆ ಸೈಟ್ ಇಲ್ಲ" ಅಂದರು.

ನಮ್ಮಲ್ಲಿ ಕನ್ನಡಕ ಹಾಕಿದವರಿಗೆ "ಸೈಟ್ ಉಂಟು" ಅನ್ನುತ್ತೇವೆ, ಹಾಕದವರಿಗೆ "ಪವರ್ 6/6" ಅನ್ನುತ್ತೇವೆ. ಆಪ್ಟೋಮೆಟ್ರಿಸ್ಟ್ ಆಗಿ ಹದಿನೈದು ವರ್ಷದಿಂದ ದಿನಕ್ಕೆ ನಾಲ್ಕೈದು ಸಲವಾದರೂ ಕೇಳುವ ಮಾತು ಇದು. 6/6 ಅನ್ನುವುದು ಪವರ್ ಅಲ್ಲ. ಆ ಹುಡುಗನ ಕಣ್ಣಲ್ಲಿ ಈ ಎರಡರ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಈಗ ಯಾರಿಗೆ ಹೇಳುವುದಿದ್ದರೂ ಅವನ ಕಥೆಯನ್ನೇ ಹೇಳುತ್ತೇನೆ.

ಮೊದಲು ಚಾರ್ಟಿನ ವಿಷಯ. ಮೇಲೆ ಒಂದು ದೊಡ್ಡ ಅಕ್ಷರ, ಕೆಳಗೆ ಬಂದಂತೆ ಚಿಕ್ಕದಾಗುವ ಸಾಲುಗಳು. ನೆದರ್‌ಲೆಂಡ್ಸಿನ ಕಣ್ಣಿನ ವೈದ್ಯ ಹೆರ್ಮನ್ ಸ್ನೆಲೆನ್ 1862ರಲ್ಲಿ ಹೊರತಂದ ಕ್ರಮ ಇದು. ಮೇಲಿನ ಅಂಕಿ ಎಂದರೆ ನೀವು ಕೂತ ದೂರ, ಆರು ಮೀಟರ್. ಕೆಳಗಿನ ಅಂಕಿ ಎಂದರೆ ಆ ಸಾಲಿನ ಅಕ್ಷರವನ್ನು ಸರಿ ಕಣ್ಣು ಎಷ್ಟು ಮೀಟರಿನಿಂದ ಓದಬೇಕು ಎನ್ನುವುದು. 6/60 ಬಂತು ಅಂದರೆ ಅರುವತ್ತು ಮೀಟರಿನಿಂದ ಕಾಣಬೇಕಾದ ಅಕ್ಷರ ನಿಮಗೆ ಆರು ಮೀಟರಿಗೆ ಬಂದರೆ ಮಾತ್ರ ಕಂಡಿತು. 6/12 ಇದ್ದವರಿಗೆ "ಅರ್ಧ ಕಣ್ಣು ಹೋಗಿದೆ" ಅಂತಲ್ಲ, 6/6 ಇದ್ದವರಿಗೆ ನೂರಕ್ಕೆ ನೂರು ಅಂತಲೂ ಅಲ್ಲ. ಕೆಳಗೆ 6/5 ಸಾಲೂ ಇದೆ, ಅದನ್ನು ಸಲೀಸಾಗಿ ಓದುವ ಹುಡುಗರು ಬೇಕಾದಷ್ಟು.

6/6 ಸಾಲಿನ ಅಕ್ಷರದ ಎತ್ತರ 8.7 ಮಿಲಿಮೀಟರ್, ಹೆಚ್ಚುಕಡಿಮೆ ಕಿರುಬೆರಳ ಉಗುರಿನ ಅಗಲ. ಅದು ಸುಮ್ಮನೆ ಇಟ್ಟ ಅಳತೆಯಲ್ಲ. ಒಂದು ಡಿಗ್ರಿಯನ್ನು ಅರುವತ್ತು ಭಾಗ ಮಾಡಿದರೆ ಒಂದು ಭಾಗ ಒಂದು ಮಿನಿಟ್. ಆರು ಮೀಟರಿನಿಂದ ಆ ಅಕ್ಷರ ಕಣ್ಣಿನಲ್ಲಿ ಐದು ಮಿನಿಟಿನ ಕೋನ ಮಾಡುತ್ತದೆ, ಅಕ್ಷರದ ಒಂದೊಂದು ಗೆರೆ ಒಂದು ಮಿನಿಟಿನದ್ದು. ಇಂಗ್ಲಿಷಿನ ಇ ಅಕ್ಷರದ ಮೂರು ಗೆರೆ, ನಡುವಿನ ಎರಡು ಖಾಲಿ ಜಾಗ, ಒಟ್ಟು ಐದು. ಆ ಖಾಲಿ ಜಾಗ ಕಾಣದೆ ಹೋದರೆ ಇ ಬರೀ ಕಪ್ಪು ಚುಕ್ಕೆ.

ಹೀಗಾಗಿ ದೂರ ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಮೊದಲು ಸ್ವಂತಕ್ಕೆ ಕೂತಾಗ ನನ್ನದು ಚಿಕ್ಕ ರೂಮು. ಅಂಥಲ್ಲಿ ಚಾರ್ಟನ್ನು ಕುರ್ಚಿಯ ಹಿಂದೆ ಕಟ್ಟಿ, ಎದುರು ಗೋಡೆಯ ಕನ್ನಡಿಯಲ್ಲಿ ತೋರಿಸುತ್ತಾರೆ, ದೂರ ಎರಡು ಪಟ್ಟಾಗುತ್ತದೆ. ನಾನೂ ಹಾಗೇ ಮಾಡಿ "ಆರು ಮೀಟರ್ ಆಯ್ತು" ಅಂದುಕೊಂಡೆ, ಟೇಪ್ ಹಿಡಿಯಲಿಲ್ಲ. ಕೆಲವು ತಿಂಗಳಾದ ಮೇಲೆ ಒಬ್ಬರು ವಾಪಸು ಬಂದು, "ನೀವು 6/6 ಬರೆದಿರಿ, ಆಸ್ಪತ್ರೆಯಲ್ಲಿ 6/9 ಅಂದರು" ಎಂದು ಚೀಟಿ ಮುಂದಿಟ್ಟರು. ಅಳೆದರೆ ಚಾರ್ಟಿನಿಂದ ಕನ್ನಡಿಗೆ 2.4 ಮೀಟರ್, ಕನ್ನಡಿಯಿಂದ ಕೂತವರ ಕಣ್ಣಿಗೆ 1.8. ಒಟ್ಟು 4.2. ನನ್ನ ರೂಮಿನ 6/6 ನಿಜಕ್ಕೆ 4.2/6, ಅಂದರೆ 6/9ರ ಹತ್ತಿರ. ಅಷ್ಟು ದಿನ ಬಂದವರಿಗೆಲ್ಲ ಒಂದು ಸಾಲು ಪುಕ್ಕಟೆ ಕೊಟ್ಟಿದ್ದೆ. ಆಮೇಲೆ ಆ ದೂರಕ್ಕೆ ಸರಿಯಾಗಿ 6.1 ಮಿಲಿಮೀಟರಿನ ಅಕ್ಷರ ಇರುವ ಚಾರ್ಟ್ ಮಾಡಿಸಿದೆ. ಈಗಲೂ ಯಾವ ಕ್ಯಾಂಪಿಗೆ ಹೋದರೂ ಬ್ಯಾಗಿನಲ್ಲಿ ಮೊದಲು ಟೇಪ್.

ಹುಡುಗನ ವಿಷಯಕ್ಕೆ ಬರುವ. ಬಲಗಣ್ಣು ಮುಚ್ಚಿಸಿ ಎಡಗಣ್ಣಿನಲ್ಲಿ ಓದಿಸಿದೆ, ಕನ್ನಡಕ ಇಲ್ಲದೆ. ಕೊನೆ ಸಾಲಿನವರೆಗೆ ಸರಸರ ಹೋದ. ಇನ್ನೊಂದಕ್ಕೆ ಚಾರ್ಟ್ ಬದಲಿಸಿದೆ, ಉರು ಹೊಡೆದು ಬರುವವರಿದ್ದಾರೆ. ಅದನ್ನೂ ಓದಿದ. ಎರಡೂ ಕಣ್ಣು 6/6. ಹುಡುಗ ಏಳುವುದಕ್ಕೆ ಹೊರಟ.

"ಕೂತ್ಕೋ ಮಾರಾಯ, ಇನ್ನೂ ಪವರ್ ನೋಡಿಲ್ಲ" ಅಂದೆ.

"ಈಗ ನೋಡಿದ್ದು ಏನು ಮತ್ತೆ?"

ಅವನು ಓದಿದ್ದು ಕಣ್ಣಿನ ಕೆಲಸದ ಫಲಿತಾಂಶ. ಆ ಕೆಲಸಕ್ಕೆ ಕಣ್ಣು ಎಷ್ಟು ಕಷ್ಟಪಟ್ಟಿತು ಎಂದು ಚಾರ್ಟ್ ಹೇಳುವುದಿಲ್ಲ. ಪವರ್ ಎಂದರೆ ದೂರದಿಂದ ಬಂದ ಬೆಳಕನ್ನು ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪರದೆಯ ಮೇಲೆ ಸರಿಯಾಗಿ ಬೀಳಿಸಲು ಕಣ್ಣಿನ ಮುಂದೆ ಇಡಬೇಕಾದ ಗ್ಲಾಸಿನ ಬಲ. ಅದನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತೇವೆ. ಒಂದು ಮೀಟರ್ ದೂರದಲ್ಲಿ ಬೆಳಕನ್ನು ಕೂಡಿಸುವ ಗ್ಲಾಸು ಒಂದು ಡಯಾಪ್ಟರ್, ಅರ್ಧ ಮೀಟರಿನಲ್ಲಿ ಕೂಡಿಸುವುದು ಎರಡು. ಚಾರ್ಟಿನ ಅಂಕಿ ಸಾಲಿನದ್ದು, ಇದು ಗಾಜಿನದ್ದು.

ಅಕ್ಕನದ್ದು ಮೈನಸ್. ಕಣ್ಣು ಸ್ವಲ್ಪ ಉದ್ದ, ಬೆಳಕು ಪರದೆಗೆ ಮೊದಲೇ ಕೂಡಿಬಿಡುತ್ತದೆ, ಅದನ್ನು ಹಿಂದೆ ತಳ್ಳುವ ಉಪಾಯ ಕಣ್ಣಿಗೆ ತಾನಾಗಿ ಇಲ್ಲ. ಅದಕ್ಕೇ ಮೈನಸ್ ಇರುವವರು ಚಾರ್ಟಿನಲ್ಲಿ ಕೂಡಲೇ ಸಿಕ್ಕಿಬೀಳುತ್ತಾರೆ. ಪ್ಲಸ್ ಇರುವವರಿಗೆ ಬೆಳಕು ಕೂಡುವ ಜಾಗ ಪರದೆಯ ಹಿಂದೆ. ಪ್ರಾಯ ಚಿಕ್ಕದಿದ್ದರೆ ಕಣ್ಣಿನೊಳಗಿನ ಮಸೂರ ಉಬ್ಬಿ ಅದನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಇಪ್ಪತ್ತರ ಪ್ರಾಯದಲ್ಲಿ ಆ ಮಸೂರಕ್ಕೆ ಸುಮಾರು ಹತ್ತು ಡಯಾಪ್ಟರಿನಷ್ಟು ಉಬ್ಬುವ ಶಕ್ತಿ ಇರುತ್ತದೆ. ಎರಡು ಮೂರು ಪ್ಲಸ್ ಅದಕ್ಕೆ ಲೆಕ್ಕವೇ ಅಲ್ಲ. ಯಜಮಾನನಿಗೆ ಗೊತ್ತಾಗದ ಹಾಗೆ ಕೆಲಸ ಮುಗಿಸಿಬಿಡುತ್ತದೆ.

ನಾನು ರೆಟಿನೋಸ್ಕೋಪ್ ಹಿಡಿದು ಕಣ್ಣಿಗೆ ಬೆಳಕಿನ ಗೆರೆ ಬಿಟ್ಟೆ. ಗೆರೆ ಆಡಿಸಿದ ಕಡೆಗೇ ಒಳಗಿನ ಹೊಳಪು ಓಡಿತು. ಆ ಹೊಳಪಿನ ಓಟ ನಿಲ್ಲಬೇಕಾದರೆ +3.75 ಗ್ಲಾಸು ಬೇಕಾಯಿತು. ನಾನು 66 ಸೆಂಟಿಮೀಟರ್ ದೂರದಲ್ಲಿ ಕೂತದ್ದಕ್ಕೆ 1.50 ಕಳೆಯಬೇಕು. ಉಳಿದದ್ದು +2.25.

ಇನ್ನು ರೈಲ್ವೆಯವರು ನೋಡುವ ರೀತಿಯಲ್ಲೇ ನೋಡಿದೆ. ಲೋಕೋ ಪೈಲಟ್ ಇರುವ ಎ-1 ವರ್ಗಕ್ಕೆ ದೂರದ ದೃಷ್ಟಿ ಕನ್ನಡಕ ಇಲ್ಲದೆ 6/6, 6/6 ಇರಬೇಕು, ಜೊತೆಗೆ ಫಾಗಿಂಗ್ ಟೆಸ್ಟ್, +2 ಗ್ಲಾಸನ್ನು ಕಣ್ಣು ಒಪ್ಪಬಾರದು, ಅಂದರೆ ಅದನ್ನು ಇಟ್ಟಾಗ ಚಾರ್ಟ್ ಮಂಜಾಗಬೇಕು. ಮೊದಲ ಸಲ ಓದುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಟ್ರಯಲ್ ಫ್ರೇಮಿನಲ್ಲಿ ಎರಡೂ ಕಡೆ +4.00 ಹಾಕಿ ಹತ್ತು ನಿಮಿಷ ಚಾರ್ಟ್ ನೋಡುತ್ತಾ ಕೂರಿಸಿದೆ. "ಎಲ್ಲ ಮಂಜು ಸರ್" ಅಂದ. ಮಂಜು ಆದದ್ದೇ ಬೇಕಿತ್ತು, ಆಗ ಉಬ್ಬಿಕೊಂಡ ಮಸೂರ ಉಬ್ಬಿ ಪ್ರಯೋಜನ ಇಲ್ಲ ಎಂದು ಸಡಿಲವಾಗುತ್ತದೆ. ಒಂದು ಕಣ್ಣು ಮುಚ್ಚಿ ಕಾಲು ಕಾಲು ಇಳಿಸುತ್ತಾ ಬಂದೆ. +3.00ಕ್ಕೆ 6/18. +2.50ಕ್ಕೆ 6/9, ಅದೂ ತಡವರಿಸಿ. +2.25ಕ್ಕೆ 6/6 ಸಾಲಿನ ಅಕ್ಷರಗಳು ಒಂದೊಂದಾಗಿ ಬಂದವು. +2.00ಕ್ಕೆ ಸಲೀಸು.

ಪವರ್ ಇಲ್ಲದ ಕಣ್ಣಿಗೆ +2.00 ಇಟ್ಟರೆ ಅದು ಎರಡು ಮೈನಸ್ ಇರುವವರ ಹಾಗೆ ಆಗಿ 6/36, 6/60ಕ್ಕೆ ಇಳಿಯಬೇಕಿತ್ತು. ಇವನು ಅದೇ ಗ್ಲಾಸಿನಲ್ಲಿ 6/6 ಓದಿದ. ಚಾರ್ಟಿನಲ್ಲಿ ಪಾಸು, ಫಾಗಿಂಗ್‌ನಲ್ಲಿ ಫೇಲು.

ಹುಡುಗನ ಮುಖ ನೋಡಲಾಗಲಿಲ್ಲ. ಸಂಜೆ ಓದುವಾಗ ಹಣೆ ನೋಯುತ್ತದೆಯಾ ಎಂದು ಕೇಳಿದೆ. "ಉಂಟು. ಮೊಬೈಲಿಂದ ಅಂತ ಅಮ್ಮ ಬೈತಾರೆ." ಬೇರೊಂದು ದಿನ ನಮ್ಮ ಡಾಕ್ಟರರ ಮೂಲಕ ಸೈಕ್ಲೋಪೆಂಟೊಲೇಟ್ ಡ್ರಾಪ್ಸ್ ಹಾಕಿಸಿ, ಮಸೂರವನ್ನು ಪೂರ್ತಿ ಮಲಗಿಸಿ ನೋಡಿದಾಗ ಸಿಕ್ಕಿದ್ದು +3.00. ಅಡಗಿದ್ದ ಮುಕ್ಕಾಲು ಡಯಾಪ್ಟರ್ ಆವಾಗ ಹೊರಗೆ ಬಂತು. ಆ ದಿನ ಬೈಕಿನಲ್ಲಿ ಒಬ್ಬನೇ ಬಾರದಿರಲು ಹೇಳಿದ್ದೆ, ಹತ್ತಿರದ್ದು ಓದಲು ಆಗುವುದಿಲ್ಲ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ.

ಅಪ್ಪನಿಗೆ ಸಿಟ್ಟು. "ಕಣ್ಣು ಕಾಣುವವನಿಗೆ ಯಾಕೆ ಕೆಲಸ ಇಲ್ಲ?" ನ್ಯಾಯವಾದ ಪ್ರಶ್ನೆಯೇ. ಮಸೂರ ಉಬ್ಬುವ ಶಕ್ತಿ ವರ್ಷ ವರ್ಷ ಇಳಿಯುತ್ತದೆ, ನಲುವತ್ತಕ್ಕೆ ಬರುವಾಗ ಅರ್ಧದಷ್ಟು, ಐವತ್ತಕ್ಕೆ ಎರಡು ಡಯಾಪ್ಟರಿನ ಆಸುಪಾಸು. ಇವತ್ತು ಬಿಟ್ಟಿ ಸಿಗುವ 6/6 ಸರ್ವಿಸಿನ ನಡುವೆ ಕೈಕೊಡುತ್ತದೆ, ಸಿಗ್ನಲ್ ನೋಡುವವನಿಗೆ ಅದು ಆಗದು. ಹಾಗೆಂದು ಹೇಳಿದೆ. ಅವರಿಗೆ ಸಮಾಧಾನ ಆಯಿತು ಅಂತ ನನಗೆ ಅನ್ನಿಸಲಿಲ್ಲ.

ಮತ್ತೆ ಅಕ್ಕನನ್ನು ಕುರ್ಚಿಗೆ ಕರೆದೆ. ಕನ್ನಡಕ ತೆಗೆದರೆ ಮೇಲಿನ ಒಂದೇ ಅಕ್ಷರ, 6/60. ಅವಳ -3.00 ಹಾಕಿದ ಕೂಡಲೇ ಕೆಳಗಿನ ಸಾಲು ಕಟಕಟ ಓದಿದಳು, 6/5ರಲ್ಲಿ ಒಂದೇ ಒಂದು ತಪ್ಪು. ಕನ್ನಡಕ ಹಾಕಿದರೆ 6/6 ಬರುವ ಕಣ್ಣು ನನ್ನ ಲೆಕ್ಕದಲ್ಲಿ ಒಳ್ಳೆಯ ಕಣ್ಣು. ಹಾಕಿದರೂ ಬಾರದೆ ಇದ್ದರೆ ನಾನು ಪವರ್ ಬಿಟ್ಟು ಬೇರೆ ಹುಡುಕುತ್ತೇನೆ. ಆಗ ಕಪ್ಪು ಮುಚ್ಚಳದಲ್ಲಿ ಒಂದು ಮಿಲಿಮೀಟರಿನ ಚಿಲ್ಲರೆ ತೂತು ಇರುವ ಪಿನ್‌ಹೋಲ್ ಇಟ್ಟು ನೋಡುವುದು. ಅದರಲ್ಲಿ ಇನ್ನೂ ಕೆಳಗಿನ ಸಾಲು ಓದಿದರೆ ಪವರಿನ ಕೊರತೆ. ಓದದಿದ್ದರೆ ಪೊರೆಯೋ, ಪರದೆಯ ತೊಂದರೆಯೋ, ಚಿಕ್ಕಂದಿನಲ್ಲೇ ಸೋಮಾರಿಯಾದ ಕಣ್ಣೋ ಇರಬಹುದು, ಡಾಕ್ಟರರಿಗೆ ಕಳಿಸಬೇಕು.

ಫೋನಿನಲ್ಲಿ "ಮಗನಿಗೆ 6/12 ಅಂದಿದ್ದಾರೆ, ಪವರ್ ಎಷ್ಟಾಗ್ತದೆ?" ಎಂದು ಕೇಳುವವರಿಗೆ ಆದ್ದರಿಂದಲೇ ಉತ್ತರ ಕೊಡುವುದಿಲ್ಲ. ಅರ್ಧ ಮೈನಸ್ಸಿಗೂ 6/12 ಬರಬಹುದು, ಮುಕ್ಕಾಲಿಗೂ ಬರಬಹುದು. ಕಣ್ಣು ಕಿರಿದು ಮಾಡಿ ನೋಡಿದರೆ ಒಂದಕ್ಕೂ 6/12 ಓದಿಬಿಡುತ್ತಾರೆ. ಪವರ್ರೇ ಇಲ್ಲದೆ ಪೊರೆಯಿಂದಲೂ 6/12 ಆದೀತು.

ಹುಡುಗನ ಚೀಟಿಯಲ್ಲಿ ಎರಡು ಸಾಲು ಬರೆದೆ. ಕನ್ನಡಕವಿಲ್ಲದೆ 6/6, 6/6. ಪವರ್ +2.25, +2.25. ಓದುವಾಗ ಹಾಕಲು +1.75 ಕೊಟ್ಟೆ, ಒಮ್ಮೆಲೇ ಪೂರ್ತಿ ಕೊಟ್ಟರೆ ಇಂಥ ಕಣ್ಣು ದೂರದ್ದು ಮಂಜು ಎಂದು ತೆಗೆದಿಡುತ್ತದೆ. ರೈಲ್ವೆಯಲ್ಲೇ ಕನ್ನಡಕ ಹಾಕಬಹುದಾದ ವರ್ಗಗಳಿವೆ, ಅಲ್ಲಿಯೂ ಚಾರ್ಟಿನ ಸಾಲಿಗೊಂದು ಮಿತಿ, ಗ್ಲಾಸಿನ ಪವರಿಗೆ ಇನ್ನೊಂದು ಮಿತಿ ಬೇರೆ ಬೇರೆ ಬರೆದಿರುತ್ತಾರೆ, ಎರಡನ್ನೂ ಓದಿ ಅರ್ಜಿ ಹಾಕು ಅಂದೆ. ಚೀಟಿ ಮಡಚುತ್ತಾ ಅಪ್ಪ ಅಕ್ಕನ ಕಡೆ ತಿರುಗಿ, "ಹಾಗಾದ್ರೆ ನಿಂದೂ 6/6ಯೇ ಅಲ್ವಾ?" ಅಂದರು. "ನಾನು ಎಷ್ಟು ವರ್ಷದಿಂದ ಹೇಳ್ತಾ ಇದ್ದೇನೆ" ಅಂದಳು ಅವಳು.